ಯಾವ ಕಡಲೆ? ಅಲರ್ಜಿ ಲೇಬಲ್ ಕನ್ನಡಕ್ಕೆ ಬರುವಾಗ ಆಗುವ ಎಡವಟ್ಟುಗಳು

ಮೈಸೂರು, ಬೆಂಗಳೂರು ಕಡೆಯ ಕುರುಕಲು ತಿಂಡಿ ಅಂಗಡಿಯಲ್ಲಿ ನಿಂತು ‘ಇದಕ್ಕೆ ಏನೇನು ಹಾಕಿದ್ದೀರಿ’ ಎಂದು ಕೇಳಿದರೆ, ‘ಏನಿಲ್ಲ, ಅಕ್ಕಿಹಿಟ್ಟು, ಖಾರ, ಸ್ವಲ್ಪ ಕಡಲೆ’ ಎಂಬ ಉತ್ತರ ಬರುತ್ತದೆ. ಬೇರೆಯವರಿಗೆ ಅಷ್ಟು ಸಾಕು. ಕಡಲೆಕಾಯಿ ಅಲರ್ಜಿ ಇರುವ ಮಗುವಿನ ತಾಯಿಗೆ ಮಾತ್ರ ಆ ಕೊನೆಯ ಪದ ಏನನ್ನೂ ಹೇಳುವುದಿಲ್ಲ. ಕಡಲೆಬೇಳೆ, ಕಡಲೆಹಿಟ್ಟು, ಹುರಿಗಡಲೆ, ಕಡಲೆಕಾಳು ಇವೆಲ್ಲ ಒಂದು ಗಿಡದ್ದು. ಕಡಲೆಕಾಯಿ, ಕಡಲೆಬೀಜ ಬೇರೊಂದು ಗಿಡದ್ದು. ಕಡಲೆ ಎಣ್ಣೆ, ಕಡಲೆ ಮಿಠಾಯಿ ಎಂದಾಗ ನಾವು ಹೇಳುವುದು ಎರಡನೆಯದನ್ನು. ಇನ್ನು ಕಡಲೆಪುರಿ ಎಂದರೆ ಎರಡೂ ಅಲ್ಲ, ಮಂಡಕ್ಕಿ. ಆದರೆ ಪೊಟ್ಟಣ ಕಟ್ಟುವಾಗ ಅದರೊಳಗೆ ಎರಡರಲ್ಲಿ ಒಂದೋ ಎರಡೂವೋ ಬಿದ್ದಿರುತ್ತವೆ. ನಿಪ್ಪಟ್ಟಿನಲ್ಲಂತೂ ಹುರಿಗಡಲೆ ಹಿಟ್ಟಾಗಿಯೂ ಕಡಲೆಬೀಜ ತರಿಯಾಗಿಯೂ ಒಟ್ಟಿಗೇ ಇರುವುದು ಮಾಮೂಲಿ.

ಧಾರವಾಡದವರು ಇದನ್ನು ಓದಿ ನಕ್ಕಾರು. ಅವರಿಗೆ ಅದು ಶೇಂಗಾ, ಇದು ಕಡ್ಲಿ, ಹುರಿದದ್ದು ಪುಠಾಣಿ; ಗೊಂದಲಕ್ಕೆ ಜಾಗವೇ ಇಲ್ಲ. ಕರಾವಳಿಯಲ್ಲಿ ನೆಲಗಡಲೆ ಎಂದರೂ ತಿಳಿಯುತ್ತದೆ. ಆದರೆ ಪ್ಯಾಕೆಟ್ಟು ಜಿಲ್ಲೆ ನೋಡಿ ಮಾರಾಟವಾಗುವುದಿಲ್ಲ. ಹಾಗಾಗಿ ಅಲರ್ಜಿ ಎಚ್ಚರಿಕೆಯನ್ನು ಕನ್ನಡಕ್ಕೆ ತರುವವರು ಮೊದಲು ಪಾಲಿಸಬೇಕಾದ ನಿಯಮ ಬಹಳ ಸರಳ: ಬರಿಯ ‘ಕಡಲೆ’ ಎಂದು ಎಲ್ಲಿಯೂ ಬರೆಯಬಾರದು. ‘ಕಡಲೆಕಾಯಿ ಬೀಜ (ಶೇಂಗಾ, ನೆಲಗಡಲೆ)’ ಎಂದು ಮೂರೂ ಹೆಸರು ಹಾಕಬೇಕು. ಜಾಗ ಹಿಡಿಯುತ್ತದೆ, ನಿಜ. ಹಿಡಿಯಲಿ.

ಈ ಕೆಲಸ ಪೋಷಕರ ತಲೆಗೇ ಬಿದ್ದಿರುವುದಕ್ಕೆ ಕಾರಣ ಕಾನೂನಿನಲ್ಲಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮಾವಳಿಯ ಪ್ರಕಾರ ಪ್ಯಾಕೆಟ್ಟಿನ ಮೇಲಿನ ಕಡ್ಡಾಯ ವಿವರಗಳು ಇಂಗ್ಲಿಷ್‌ನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲ, ಮೂಲಕ್ಕೆ ವಿರುದ್ಧವಾಗಿರಬಾರದು ಅಷ್ಟೆ. ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಇಲ್ಲೇ ತಯಾರಾಗುವ ಸರಕಿನ ಮೇಲೆ ಕನ್ನಡ ಇರಬೇಕೆಂದು ಹೇಳುತ್ತದೆ. ಆದರೆ ಅದರ ಒತ್ತು ಉತ್ಪನ್ನದ ಹೆಸರು ಮತ್ತು ಬಳಸುವ ವಿಧಾನದ ಮೇಲೆ. ಹೀಗಾಗಿ ರವೆ ಇಡ್ಲಿ ಮಿಕ್ಸ್‌ಗೆ ಎಷ್ಟು ಮೊಸರು ಹಾಕಿ ಕಲಸಬೇಕೆಂದು ಕನ್ನಡದಲ್ಲಿ ಓದಬಹುದು. ಅದರೊಳಗೆ ಗೋಡಂಬಿ ಇದೆಯೇ ಎಂದು ತಿಳಿಯಲು ಸಣ್ಣ ಇಂಗ್ಲಿಷ್ ಅಕ್ಷರಕ್ಕೇ ಕಣ್ಣು ಕಿರಿದುಗೊಳಿಸಬೇಕು.

ಅದೇ 2020ರ ನಿಯಮಾವಳಿ ಎಂಟು ಗುಂಪುಗಳನ್ನು ಅಲರ್ಜಿಕಾರಕ ಎಂದು ಹೆಸರಿಸಿದೆ: ಗೋಧಿ, ಬಾರ್ಲಿ, ಓಟ್ಸ್‌ನಂಥ ಗ್ಲುಟೆನ್ ಇರುವ ಧಾನ್ಯ, ಸಿಗಡಿ-ಏಡಿಯ ಜಾತಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಟ್ರೀ ನಟ್ಸ್, ಸೋಯಾ, ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಇರುವ ಸಲ್ಫೈಟ್ ಎಂಬ ರಾಸಾಯನಿಕ. ಇವುಗಳಲ್ಲಿ ಯಾವುದನ್ನಾದರೂ ಹಾಕಿದ್ದರೆ ‘ಕಂಟೈನ್ಸ್’ ಎಂದು ಬರೆದು ಅದರ ಹೆಸರು ಹೇಳುವುದು ಕಡ್ಡಾಯ.

ಆರನೆಯ ಗುಂಪು ನೋಡಿ. ಕಡಲೆಕಾಯಿಯೂ ಗೋಡಂಬಿ, ಬಾದಾಮಿ, ಪಿಸ್ತಾ, ಅಕ್ರೋಟ್ ಕೂಡ ಒಂದೇ ಸಾಲಿನಲ್ಲಿವೆ. ಇದರಿಂದಾಗಿ ಎಷ್ಟೋ ಪ್ಯಾಕೆಟ್ಟುಗಳ ಮೇಲೆ ‘ಮೇ ಕಂಟೈನ್ ನಟ್ಸ್’ ಎಂಬ ಮೋಟು ಸಾಲು ಮಾತ್ರ ಕಾಣುತ್ತದೆ. ನಮ್ಮಲ್ಲಿ ನಟ್ಸ್ ಎಂದರೆ ಏನು? ಮದುವೆ ಮನೆಯ ಡ್ರೈ ಫ್ರೂಟ್ಸ್ ಡಬ್ಬಿ ನೆನಪಾಗುತ್ತದೆ: ಗೋಡಂಬಿ, ಬಾದಾಮಿ, ಜೊತೆಗೆ ದ್ರಾಕ್ಷಿ, ಖರ್ಜೂರ. ಆ ಡಬ್ಬಿಯಲ್ಲಿ ಕಡಲೆಕಾಯಿ ಇರುವುದಿಲ್ಲ. ಕಡಲೆಕಾಯಿ ನಮಗೆ ಹೊಲದ ಬೆಳೆ, ಕಾಳಿನ ಜಾತಿ. ಸಸ್ಯಶಾಸ್ತ್ರದ ಪ್ರಕಾರ ನಮ್ಮ ತಿಳಿವಳಿಕೆಯೇ ಸರಿ. ಆದರೆ ಈ ಸರಿಯಾದ ತಿಳಿವಳಿಕೆಯೇ ಇಲ್ಲಿ ಕೈಕೊಡುತ್ತದೆ. ಮಗಳಿಗೆ ಕಡಲೆಕಾಯಿ ಅಲರ್ಜಿ ಇರುವ ಅಪ್ಪ ‘ನಟ್ಸ್’ ಎಂದು ಓದಿ, ಇದು ನಮಗಲ್ಲ ಎಂದು ಪ್ಯಾಕೆಟ್ಟನ್ನು ಬುಟ್ಟಿಗೆ ಹಾಕಿಕೊಳ್ಳಬಹುದು. ಆಡುಮಾತಿಗೆ ತರುತ್ತೇವೆಂದು ‘ಬೀಜಗಳು’ ಎಂದು ಬರೆದರೆ ಇನ್ನೂ ಕೆಟ್ಟಿತು: ಒಬ್ಬರಿಗೆ ಅದು ಕುಂಬಳಬೀಜ, ಮಂಗಳೂರಿನವರಿಗೆ ಗೇರುಬೀಜ. ‘ಮರದ ಕಾಯಿಗಳು’ ಎಂದರೆ ತೆಂಗು, ಹಲಸು ಎಲ್ಲವೂ ಬಂದುಬಿಡುತ್ತವೆ.

ಒಂದು ಲೇಬಲ್ಲನ್ನು ಪೂರ್ತಿ ಹಿಡಿದು ನೋಡೋಣ. ಇದು ಯಾವುದೇ ಒಂದು ಕಂಪನಿಯದ್ದಲ್ಲ. ಸಾಮಾನ್ಯ ಹಾಲಿನ ಬಿಸ್ಕತ್ತಿನ ಹಿಂಬದಿ ಹೇಗಿರುತ್ತದೋ ಹಾಗೆ ಬರೆದುಕೊಂಡ ಮಾದರಿ. ಇಂಗ್ಲಿಷ್ ಸಾಲನ್ನು ಉಚ್ಚಾರದಂತೆ ಬರೆದರೆ ಹೀಗಿದೆ:

“ಇಂಗ್ರೀಡಿಯಂಟ್ಸ್: ರಿಫೈಂಡ್ ವೀಟ್ ಫ್ಲೋರ್ (ಮೈದಾ), ಶುಗರ್, ಎಡಿಬಲ್ ವೆಜಿಟೆಬಲ್ ಆಯಿಲ್ (ಪಾಮ್), ಇನ್ವರ್ಟ್ ಸಿರಪ್, ಮಿಲ್ಕ್ ಸಾಲಿಡ್ಸ್, ರೈಸಿಂಗ್ ಏಜೆಂಟ್ಸ್ [503(ii), 500(ii)], ಸಾಲ್ಟ್, ಎಮಲ್ಸಿಫೈಯರ್ [322], ಡೋ ಕಂಡೀಷನರ್ [223]. ಕಂಟೈನ್ಸ್ ವೀಟ್, ಮಿಲ್ಕ್, ಸೋಯಾ, ಸಲ್ಫೈಟ್. ಮೇ ಕಂಟೈನ್ ಟ್ರೇಸಸ್ ಆಫ್ ನಟ್ಸ್.”

ಇದನ್ನು ನಿಘಂಟು ಹಿಡಿದು ಅನುವಾದಿಸಿದರೆ ಬರುವ ಕನ್ನಡ ಇಂಥದ್ದು: “ಸಂಸ್ಕರಿತ ಗೋಧಿ ಹಿಟ್ಟು, ಸಕ್ಕರೆ, ಖಾದ್ಯ ತಾಳೆ ಎಣ್ಣೆ, ವಿಲೋಮ ಪಾಕ, ಹಾಲಿನ ಘನವಸ್ತುಗಳು, ಏರಿಸುವ ಕಾರಕಗಳು, ಉಪ್ಪು, ಪಾಯಸೀಕಾರಕ, ಕಣಕ ನಿಯಂತ್ರಕ. ಗೋಧಿ, ಹಾಲು, ಸೋಯಾ ಹಾಗೂ ಸಲ್ಫೈಟ್ ಒಳಗೊಂಡಿದೆ. ಬೀಜಗಳ ಕುರುಹುಗಳನ್ನು ಒಳಗೊಂಡಿರಬಹುದು.”

ಇಲ್ಲಿ ತಪ್ಪು ಎನ್ನುವ ಪದ ಹೆಚ್ಚಿಲ್ಲ, ಆದರೂ ಓದಿದವರಿಗೆ ಏನೂ ದಕ್ಕುವುದಿಲ್ಲ. ‘ಮೈದಾ’ ಎಂಬ ಎಲ್ಲರಿಗೂ ಗೊತ್ತಿರುವ ಪದ ಮಾಯವಾಗಿದೆ. ಸಂಖ್ಯೆಗಳು ಹೋಗಿವೆ, ಅವೇ ಮುಂದಿನ ಪ್ಯಾಕೆಟ್ಟಿನಲ್ಲಿ ಕೈಹಿಡಿಯುವ ಗುರುತುಗಳಾಗಿದ್ದವು. ಕುರುಹು ಹುಡುಕಲು ಪೊಲೀಸ್ ನಾಯಿ ಕರೆಸಬೇಕೇನೋ ಅನ್ನಿಸುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ ವಾಕ್ಯದ ಕಟ್ಟಿನಲ್ಲಿದೆ. ಇಂಗ್ಲಿಷ್‌ನಲ್ಲಿ ‘ಕಂಟೈನ್ಸ್’, ‘ಮೇ ಕಂಟೈನ್’ ಎಂಬ ತೀರ್ಪು ಸಾಲಿನ ತಲೆಯಲ್ಲೇ ಇರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ‘ಒಳಗೊಂಡಿದೆ’ ಮತ್ತು ‘ಒಳಗೊಂಡಿರಬಹುದು’ ಎಂಬ ವ್ಯತ್ಯಾಸವಿಡೀ ಉದ್ದದ ಪಟ್ಟಿಯ ಬಾಲದಲ್ಲಿ ನಾಲ್ಕಾರು ಅಕ್ಷರಕ್ಕೆ ಜೋತುಬಿದ್ದಿದೆ. ಒತ್ತಕ್ಷರಗಳು ಒಂದರ ಮೇಲೊಂದು ಕೂತ ಸಣ್ಣ ಅಚ್ಚಿನಲ್ಲಿ, ಪ್ಯಾಕೆಟ್ಟು ಮಡಚಿದ ಜಾಗದಲ್ಲಿ, ಆ ಬಾಲ ಕಾಣದೆ ಹೋಗುವುದು ಸುಲಭ.

ಹಾಗಾಗಿ ವಾಕ್ಯವನ್ನೇ ಕೈಬಿಟ್ಟು ತೀರ್ಪನ್ನು ತಲೆಬರಹ ಮಾಡುವುದು ಒಳ್ಳೆಯದು:

“ಇದೆ: ಗೋಧಿ (ಮೈದಾ), ಹಾಲು (ಮಿಲ್ಕ್ ಸಾಲಿಡ್ಸ್), ಸೋಯಾ, ಸಲ್ಫೈಟ್ (223).
ಸೇರಿರಬಹುದು: ನಟ್ಸ್. ಯಾವುದೆಂದು ಕಂಪನಿ ಹೇಳಿಲ್ಲ. ಕಡಲೆಕಾಯಿ ಬೀಜ (ಶೇಂಗಾ, ನೆಲಗಡಲೆ), ಗೋಡಂಬಿ, ಬಾದಾಮಿ ಯಾವುದೂ ಆಗಬಹುದು.”

ಮಿಲ್ಕ್ ಸಾಲಿಡ್ಸ್ ಎಂಬುದನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಉಳಿಸಿದ್ದಕ್ಕೆ ಕಾರಣವಿದೆ. ಮುಂದಿನ ಸಲ ಬೇರೆ ಪ್ಯಾಕೆಟ್ಟಿನ ಮೇಲೆ ಆ ಶಬ್ದ ಕಿವಿಗೆ ಬಿದ್ದಾಗ, ಕಣ್ಣಿಗೆ ಕಂಡಾಗ, ಅದು ಹಾಲು ಎಂದು ತಾಯಿಗೆ ಹೊಳೆಯಬೇಕು. ‘ಘನವಸ್ತು’ ಆ ಕೆಲಸ ಮಾಡುವುದಿಲ್ಲ. ವೇ ಎನ್ನುವುದಕ್ಕೆ ಹಾಲೊಡಕು ಎಂಬ ಚೆಂದದ ಪದವಿದ್ದರೂ ಅಂಗಡಿಯಲ್ಲಿ ಅದು ನಿರುಪಯೋಗಿ. ‘ವೇ ಪೌಡರ್: ಹಾಲಿನದು’, ‘ಕೇಸಿನೇಟ್: ಹಾಲಿನದು’ ಎಂದರೆ ಮುಗಿಯಿತು. ಕೇಸಿನೇಟ್ ಮುಖ್ಯ, ಏಕೆಂದರೆ ‘ನಾನ್ ಡೈರಿ ಕ್ರೀಮರ್’ ಎಂದು ಬರೆದ, ಕಾಫಿಗೆ ಬೆರೆಸುವ ಪುಡಿಗಳಲ್ಲೂ ಸೋಡಿಯಂ ಕೇಸಿನೇಟ್ ಇರುವುದುಂಟು. ಹೆಸರಲ್ಲಿ ಡೈರಿ ಇಲ್ಲ, ಒಳಗೆ ಹಾಲಿನ ಪ್ರೋಟೀನ್ ಇದೆ. ತದ್ವಿರುದ್ಧವಾಗಿ ಕೋಕೋ ಬಟರ್‌ನಲ್ಲಿ ಬೆಣ್ಣೆಯಿಲ್ಲ. 270 ಎಂದು ಕಾಣುವ ಲ್ಯಾಕ್ಟಿಕ್ ಆಸಿಡ್ ಸಾಮಾನ್ಯವಾಗಿ ಸಕ್ಕರೆ-ಪಿಷ್ಟ ಹುದುಗಿಸಿ ತೆಗೆದದ್ದು, ಹಾಲಿನಿಂದಲ್ಲ.

ಅನುವಾದಕರು ಎಲ್ಲಿ ನಿಲ್ಲಬೇಕು ಎಂಬುದಕ್ಕೆ 322 ಒಳ್ಳೆಯ ಉದಾಹರಣೆ. ಅದು ಲೆಸಿಥಿನ್. ಹೆಚ್ಚಾಗಿ ಸೋಯಾದಿಂದ ಬರುತ್ತದೆ, ಆದರೆ ಸೂರ್ಯಕಾಂತಿಯಿಂದಲೂ ಮೊಟ್ಟೆಯಿಂದಲೂ ತೆಗೆಯಬಹುದು. ಮೇಲಿನ ಲೇಬಲ್ಲಿನಲ್ಲಿ ‘ಕಂಟೈನ್ಸ್’ ಸಾಲೇ ಸೋಯಾ ಎಂದಿರುವುದರಿಂದ ಸೋಯಾ ಎಂದು ಬರೆದೆವು. ಆ ಸಾಲಿನಲ್ಲಿ ಸೋಯಾ ಇಲ್ಲದಿದ್ದರೆ ನಮ್ಮ ಊಹೆಯಿಂದ ಸೇರಿಸಬಾರದು, ಬಿಡಲೂಬಾರದು. ‘322, ಮೂಲ ಹೇಳಿಲ್ಲ’ ಎಂದು ಬರೆಯಬೇಕು. ನಟ್ಸ್ ವಿಷಯದಲ್ಲಿ ‘ಕಂಪನಿ ಹೇಳಿಲ್ಲ’ ಎಂದದ್ದೂ ಇದಕ್ಕೇ. ಮೂಲದಲ್ಲಿ ಮಸುಕಾಗಿರುವುದನ್ನು ಅನುವಾದದಲ್ಲಿ ಸ್ವಚ್ಛ ಮಾಡಿ ತೋರಿಸುವುದು ಬೇರೆ ಕಡೆ ಜಾಣತನವಾಗಬಹುದು, ಇಲ್ಲಿ ಅಪಾಯ.

‘ಸೇರಿರಬಹುದು’ ಎಂಬುದಕ್ಕೆ ಸ್ವಲ್ಪ ವಿವರಣೆ ಬೇಕು. ಅದೇ ಮೆಷಿನ್ನಿನಲ್ಲಿ ಬೆಳಿಗ್ಗೆ ಕಡಲೆಕಾಯಿ ಬಿಸ್ಕತ್ತು ಮಾಡಿ ಮಧ್ಯಾಹ್ನ ಹಾಲಿನ ಬಿಸ್ಕತ್ತು ಮಾಡಿದರೆ ಪುಡಿ ಉಳಿದಿರುತ್ತದೆ. ಅದನ್ನು ಹೇಳುವ ಸಾಲು ಇದು. ನಮ್ಮ ನಿಯಮದಲ್ಲಿ ಇದನ್ನು ಹಾಕಬಹುದು ಎಂದಿದೆ, ಹಾಕಲೇಬೇಕು ಎಂದಿಲ್ಲ. ಎಷ್ಟು ಪ್ರಮಾಣ ಮೀರಿದರೆ ಹಾಕಬೇಕೆಂಬ ಅಳತೆಯೂ ಇಲ್ಲ. ಹೀಗಾಗಿ ಸಾಲು ಇದ್ದಲ್ಲಿ ಕಡಲೆಕಾಯಿ ಒಂದಿಷ್ಟೂ ಇಲ್ಲದಿರಬಹುದು, ಸಾಲು ಇಲ್ಲದಲ್ಲಿ ಇರಬಹುದು. ಪೋಷಕರು ಇದನ್ನು ತಿರುಗಿಸಿ ಓದುವುದೇ ಹೆಚ್ಚು: ಬರೆದಿಲ್ಲ ಎಂದರೆ ಇಲ್ಲ ಎಂದು.

ಎಷ್ಟು ಸಣ್ಣ ಪ್ರಮಾಣದ ಮಾತು ಇದು? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಕಡಲೆಕಾಯಿಗೆ ಸೂಚಿಸಿದ ಮಿತಿ 2 ಮಿಲಿಗ್ರಾಂ ಪ್ರೋಟೀನ್. ಕಡಲೆಕಾಯಿ ಅಲರ್ಜಿ ಇರುವ ನೂರು ಜನರಲ್ಲಿ ಸುಮಾರು ಐವರಿಗೆ ಲಕ್ಷಣ ಕಾಣಿಸಬಹುದಾದ ಪ್ರಮಾಣ ಅದು. ಒಂದು ಕಡಲೆಬೀಜದಲ್ಲಿ 150ರಿಂದ 200 ಮಿಲಿಗ್ರಾಂ ಪ್ರೋಟೀನ್ ಇರುತ್ತದೆ ಎಂದು ಹಿಡಿದರೆ, ಒಂದು ಬೀಜದ ಸುಮಾರು ನೂರನೆಯ ಒಂದು ಭಾಗ. ‘ಚೂರುಪಾರು ಇರಬಹುದು’ ಎಂಬ ಅನುವಾದ ಕಿವಿಗೆ ಹಿತ, ನಾಲಿಗೆಗೆ ಸಹಜ. ಆದರೆ ಚೂರುಪಾರು ಎಂದರೆ ಲೆಕ್ಕಕ್ಕಿಲ್ಲ ಎಂದೇ ನಮ್ಮ ಅರ್ಥ. ಆ ಪದ ಬೇಡ.

ಲೆಕ್ಕಕ್ಕಿಲ್ಲ ಎಂಬ ಈ ಭಾವನೆ ಮನೆಯೊಳಗೆ ಇನ್ನೂ ಗಟ್ಟಿ. ಅಜ್ಜಿಗೆ ‘ಮಗೂಗೆ ಅಲರ್ಜಿ’ ಎಂದರೆ ಅವರು ಅದನ್ನು ತಮಗೆ ಗೊತ್ತಿರುವ ಲೆಕ್ಕಕ್ಕೆ ಹೊಂದಿಸಿಕೊಳ್ಳುತ್ತಾರೆ. ಬದನೆಕಾಯಿ ನಂಜು, ಕಡಲೆಕಾಯಿ ಪಿತ್ತ. ಗಾಯ ಇದ್ದಾಗ ತಿನ್ನಬಾರದು, ಒಂದೆರಡು ತಿಂದರೆ ಏನಾಗಲ್ಲ, ಮೇಲೊಂದು ಚೂರು ಬೆಲ್ಲ ತಿಂದರೆ ಸರಿಹೋಗುತ್ತೆ. ‘ಒಗ್ಗಲ್ಲ’ ಎಂದು ಹೇಳಿದರೂ ಅಷ್ಟೇ: ಹಾಲು ಒಗ್ಗಲ್ಲ ಎಂದರೆ ಹೊಟ್ಟೆ ಉಬ್ಬರ, ಕ್ರಮೇಣ ಅಭ್ಯಾಸವಾಗುತ್ತೆ. ಆದ್ದರಿಂದ ಶಾಲೆಗೆ, ಮನೆಗೆ ಬರೆದು ಕೊಡುವ ಚೀಟಿಯಲ್ಲಿ ಅಲರ್ಜಿ ಎಂಬ ಪದವನ್ನು ಹಾಗೆಯೇ ಇಟ್ಟು, ಏನಾಗುತ್ತದೆ ಎನ್ನುವುದನ್ನು ಬಿಡಿಸಿ ಬರೆಯಬೇಕು:

“ಇವಳಿಗೆ ಕಡಲೆಕಾಯಿ (ಶೇಂಗಾ, ನೆಲಗಡಲೆ) ಅಲರ್ಜಿ ಇದೆ. ಇದು ನಂಜು ಅಲ್ಲ, ಪಿತ್ತ ಅಲ್ಲ. ಒಂದು ಚೂರು ತಿಂದರೂ ತುಟಿ ಊದಿ, ಮೈಮೇಲೆ ದದ್ದು ಎದ್ದು, ವಾಂತಿಯಾಗಿ, ಉಸಿರು ಕಟ್ಟಬಹುದು. ಕಡಲೆಕಾಯಿಯನ್ನು ಆರಿಸಿ ತೆಗೆದು ಉಳಿದದ್ದನ್ನು ಕೊಡಬೇಡಿ. ಅದೇ ಸೌಟು ಬಳಸಬೇಡಿ. ಕೆಮ್ಮು, ದನಿ ಬದಲಾಗುವುದು, ಉಸಿರಾಟದ ತೊಂದರೆ ಕಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕಡಲೆಬೇಳೆ, ಹುರಿಗಡಲೆ, ಕಡಲೆಹಿಟ್ಟು ತಿನ್ನುತ್ತಾಳೆ.”

ಚಿತ್ರಾನ್ನದಿಂದ, ಪುಳಿಯೋಗರೆಯಿಂದ ಕಡಲೆಬೀಜ ಹೆಕ್ಕಿ ಕೊಡುವುದು ನಮ್ಮ ಮನೆಗಳಲ್ಲಿ ಪ್ರೀತಿಯ ಲಕ್ಷಣ. ಅದಕ್ಕೇ ಆ ಸಾಲು ಬೇಕೇಬೇಕು. ಕೊನೆಯ ಸಾಲನ್ನು ಮಾತ್ರ ವೈದ್ಯರು ಹೇಳಿದ ಮೇಲೆಯೇ ಬರೆಯಬೇಕು. ಕಡಲೆಕಾಯಿಯೂ ಕಡಲೆಯೂ ದ್ವಿದಳದ ಬಳಗವೇ. ಒಂದಕ್ಕೆ ಅಲರ್ಜಿ ಇದ್ದವರಲ್ಲಿ ಹೆಚ್ಚಿನವರು ಇನ್ನೊಂದನ್ನು ತಿನ್ನುತ್ತಾರೆ, ಎಲ್ಲರೂ ಅಲ್ಲ. ಹಾಗೆಂದು ಪಟ್ಟಿಯನ್ನು ಸುಮ್ಮನೆ ಉದ್ದ ಮಾಡುವುದೂ ತಪ್ಪು. ಆಹಾರ ಅಲರ್ಜಿ ಕುರಿತು ಕರ್ನಾಟಕದ ವಯಸ್ಕರ ಮೇಲೆ ನಡೆದ ಯುರೋಪ್ರಿವಾಲ್ ಎಂಬ ಅಧ್ಯಯನದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರ ರಕ್ತ ಯಾವುದಾದರೂ ಒಂದು ಆಹಾರಕ್ಕೆ ಪ್ರತಿಕಾಯ ತೋರಿಸಿತ್ತು; ನಿಜವಾದ ಅಲರ್ಜಿ ಇರಬಹುದಾದವರು ನೂರಕ್ಕೆ ಒಬ್ಬರ ಆಸುಪಾಸು. ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಬಂದ ಇಪ್ಪತ್ತು ಹೆಸರನ್ನೂ ಚೀಟಿಗೆ ಇಳಿಸಿದರೆ ಟೀಚರು ಯಾವುದನ್ನೂ ನೆನಪಿಡುವುದಿಲ್ಲ.

ಸರ್ಕಾರಿ ಶಾಲೆಗಳಲ್ಲಿ ಇನ್ನೊಂದು ತೊಡಕು ಇತ್ತು. ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದಾಗ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಕೊಡುವ ಪದ್ಧತಿ ಬಂತು; ಚಿಕ್ಕಿಯನ್ನು 2025ರಲ್ಲಿ ಕೈಬಿಟ್ಟರು. ಆ ಆಯ್ಕೆಯನ್ನು ಸಸ್ಯಾಹಾರ-ಮಾಂಸಾಹಾರದ ಲೆಕ್ಕದಲ್ಲಿ ಮಾಡಿದ್ದರು, ಅಲರ್ಜಿಯ ಲೆಕ್ಕದಲ್ಲಲ್ಲ. ಹಸಿರು ಗುರುತಿನದ್ದೂ ಇದೇ ಕಥೆ. ಅದು ಮೊಟ್ಟೆ ಹಾಕಿಲ್ಲ ಎಂದು ಹೇಳುತ್ತದೆ. ಹಾಲು, ಗೋಧಿ, ಕಡಲೆಕಾಯಿ ಬಗ್ಗೆ ಏನೂ ಹೇಳುವುದಿಲ್ಲ.

ಇಷ್ಟೆಲ್ಲ ಸರಿಯಾಗಿ ಅನುವಾದಿಸಿದರೂ ಲೇಬಲ್ಲಿನಲ್ಲೇ ಇಲ್ಲದ್ದು ಕನ್ನಡಕ್ಕೆ ಬರುವುದಿಲ್ಲ. ಎಳ್ಳು ಮತ್ತು ಸಾಸಿವೆ ನಮ್ಮ ಎಂಟರ ಪಟ್ಟಿಯಲ್ಲಿ ಇಲ್ಲ. ಬ್ರಿಟನ್ನಿನ 14ರ ಪಟ್ಟಿಯಲ್ಲಿ ಎರಡೂ ಇವೆ. ಅಮೆರಿಕ 2023ರ ಜನವರಿಯಿಂದ ಎಳ್ಳನ್ನು ಸೇರಿಸಿತು. ಲಂಡನ್ನಿನಲ್ಲಿ ದಪ್ಪ ಅಕ್ಷರ ಹುಡುಕಿ ಓದಿ ಅಭ್ಯಾಸವಾದ ಕನ್ನಡದ ಪೋಷಕರು ರಜೆಗೆ ಊರಿಗೆ ಬಂದಾಗ ಇದನ್ನು ಮರೆಯುವುದು ಸಹಜ. ಇಲ್ಲಿ ಸಾಂಬಾರ ಪದಾರ್ಥಗಳನ್ನೆಲ್ಲ ಒಟ್ಟುಮಾಡಿ ‘ಸ್ಪೈಸಸ್ ಅಂಡ್ ಕಾಂಡಿಮೆಂಟ್ಸ್’ ಎಂದು ಬರೆಯಲು ಅವಕಾಶವಿದೆ. ಸಾಸಿವೆ ಅದರೊಳಗೆ ಹೆಸರಿಲ್ಲದೆ ಕೂರಬಹುದು. ಎಳ್ಳು ಅಲರ್ಜಿ ಇರುವ ಮಗುವಿಗೆ ಸಂಕ್ರಾಂತಿಯ ಎಳ್ಳು-ಬೆಲ್ಲದ ಪೊಟ್ಟಣವನ್ನು ಯಾರೂ ವಿವರಿಸಬೇಕಿಲ್ಲ. ಚಟ್ನಿಪುಡಿಯಲ್ಲಿ ಹುರಿದು ಕುಟ್ಟಿದ ಎಳ್ಳನ್ನು ಮಾತ್ರ ಕೇಳಿಯೇ ತಿಳಿಯಬೇಕು.

ಇಂಗಿನ ವಿಷಯವೂ ಹೀಗೇ. ಅಂಗಡಿಯಲ್ಲಿ ಸಿಗುವ ಡಬ್ಬಿಯ ಇಂಗು ಶುದ್ಧ ಇಂಗಲ್ಲ, ಗೋಂದು ಮತ್ತು ಹಿಟ್ಟಿನ ಜೊತೆ ಬೆರೆಸಿದ್ದು. ಆ ಹಿಟ್ಟು ಎಷ್ಟೋ ಸಲ ಮೈದಾ. ಡಬ್ಬಿಯ ಮೇಲೆ ಇದು ಬರೆದಿರುತ್ತದೆ. ಆದರೆ ಅದೇ ಇಂಗು ಸಾರಿನ ಪುಡಿಯೊಳಗೆ ಹೋದಾಗ, ಶೇಕಡಾ 5ಕ್ಕಿಂತ ಕಡಿಮೆ ಇದ್ದರೆ ಇಂಗಿನೊಳಗೆ ಏನಿದೆ ಎಂದು ಬಿಡಿಸಿ ಹೇಳುವ ಅಗತ್ಯವಿಲ್ಲ. ಆಗ ಗೋಧಿ ಅಲರ್ಜಿಯವರಿಗೆ ಉಳಿಯುವುದು ‘ಕಂಟೈನ್ಸ್’ ಸಾಲೊಂದೇ. ತಯಾರಕರು ಅದನ್ನು ಹಾಕಲು ಮರೆತರೆ ಅದೂ ಇಲ್ಲ.

ಎಣ್ಣೆಯದ್ದು ನನಗೆ ಹೆಚ್ಚು ಚಿಂತೆಯ ವಿಷಯ. ಅಲರ್ಜಿಕಾರಕ ಪದಾರ್ಥಗಳಿಂದ ತೆಗೆದ ಎಣ್ಣೆಗೆ ಅಲರ್ಜಿ ಘೋಷಣೆಯಿಂದ ವಿನಾಯಿತಿ ಇದೆ. ರಿಫೈಂಡ್ ಎಣ್ಣೆಯ ಮಟ್ಟಿಗೆ ಇದಕ್ಕೆ ಆಧಾರವೂ ಇದೆ, ಏಕೆಂದರೆ ಶುದ್ಧೀಕರಣದಲ್ಲಿ ಪ್ರೋಟೀನ್ ಬಹುಪಾಲು ಹೋಗಿಬಿಡುತ್ತದೆ. 1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದಲ್ಲಿ ಕಡಲೆಕಾಯಿ ಅಲರ್ಜಿಯ 60 ಜನರಲ್ಲಿ ರಿಫೈಂಡ್ ಕಡಲೆಕಾಯಿ ಎಣ್ಣೆಗೆ ಯಾರಿಗೂ ತೊಂದರೆಯಾಗಲಿಲ್ಲ. ಶುದ್ಧೀಕರಿಸದ ಎಣ್ಣೆಗೆ ಆರು ಜನರಿಗೆ ಆಯಿತು. ಈಗ ಊರೂರಲ್ಲಿ ಮರದ ಗಾಣ ಮತ್ತೆ ತಿರುಗುತ್ತಿದೆ, ಮಕ್ಕಳಿಗೆ ಒಳ್ಳೆಯದೆಂದು ಗಾಣದ ಕಡಲೆಕಾಯಿ ಎಣ್ಣೆ ತರುವವರು ಹೆಚ್ಚಾಗಿದ್ದಾರೆ. ಅದು ಶುದ್ಧೀಕರಿಸದ ಎಣ್ಣೆ. ಅದರಲ್ಲಿ ಕರಿದ ಕೋಡುಬಳೆಯ ಪ್ಯಾಕೆಟ್ಟಿನ ಹಿಂದೆ ‘ಎಡಿಬಲ್ ವೆಜಿಟೆಬಲ್ ಆಯಿಲ್ (ಗ್ರೌಂಡ್‌ನಟ್)’ ಎಂದು ಪದಾರ್ಥಗಳ ಸಾಲಿನಲ್ಲಿ ಇದ್ದೀತು, ಎಚ್ಚರಿಕೆಯ ಸಾಲಿನಲ್ಲಿ ಇರಬೇಕಿಲ್ಲ. ಹಾಗಾಗಿ ಕನ್ನಡ ಮಾಡುವವರು ಎಚ್ಚರಿಕೆಯ ಸಾಲನ್ನಷ್ಟೇ ಅನುವಾದಿಸಿ ಬಿಟ್ಟರೆ ಸಾಲದು. ಎಣ್ಣೆಯ ಆವರಣದೊಳಗಿನ ಪದವನ್ನೂ ತರಬೇಕು, ಗಾಣದ್ದೋ ರಿಫೈಂಡೋ ಎಂದು ಪ್ಯಾಕೆಟ್ಟಿನ ಮುಂಭಾಗದಲ್ಲಿ ಹುಡುಕಬೇಕು.

ಬಿಡಿಯಾಗಿ ತೂಗಿ ಕೊಡುವ ಬೇಕರಿ, ಚಕ್ಕುಲಿ ಅಂಗಡಿಗಳಲ್ಲಿ ಓದಲು ಲೇಬಲ್ಲೇ ಇಲ್ಲ, ಕೇಳುವುದೊಂದೇ ದಾರಿ. ಅಲ್ಲಿ ‘ಕಡಲೆಕಾಯಿ ಹಾಕಿದ್ದೀರಾ’ ಎಂದು ಕೇಳಿದರೆ ‘ಇಲ್ಲಮ್ಮ’ ಎಂಬ ಉತ್ತರ ಸುಲಭವಾಗಿ ಬರುತ್ತದೆ, ಮತ್ತು ಅದು ನಿಜವೂ ಆಗಿರುತ್ತದೆ. ಕೇಳಬೇಕಾದ್ದು ಇನ್ನೂ ಎರಡು: ‘ಯಾವ ಎಣ್ಣೇಲಿ ಕರೀತೀರಿ?’, ‘ಇದೇ ಬಾಣಲೇಲಿ ಕಾಂಗ್ರೆಸ್ ಕಡ್ಲೆಕಾಯಿನೂ ಹುರೀತೀರಾ?’